ಯಾವ ಮಗುವೂ ಬರೆಯದ ಅಂಕಗಳು

"ಈ ಅರವತ್ತೆಂಟೂವರೆ ಎಲ್ಲಿಂದ ಬಂತು?"

ಶಿಕ್ಷಕರ ಕೊಠಡಿಯಲ್ಲಿ ಆಗ ಉತ್ತರ ಕೊಡುವವರು ಯಾರೂ ಇರಲಿಲ್ಲ. ಶಾಲೆ ಬಿಟ್ಟು ಮಕ್ಕಳ ಗದ್ದಲ ಗೇಟಿನಾಚೆ ಹೋಗಿತ್ತು. ಐದನೇ ತರಗತಿಯ ಟೀಚರಮ್ಮ ಫಲಿತಾಂಶದ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದುಕೊಂಡು ನಿಂತಿದ್ದರು. ಹಾಳೆಯ ಕೊನೆಯಲ್ಲಿ ತರಗತಿಯ ಸರಾಸರಿ ಅರವತ್ತೆಂಟೂವರೆ ಎಂದು ದುಂಡಗಿನ ಅಕ್ಷರದಲ್ಲಿ ಬರೆದಿತ್ತು. ಆ ಅಕ್ಷರ ಅವರಿಗೆ ಚೆನ್ನಾಗಿ ಗೊತ್ತು. ಮನೆಯ ಹಾಲಿನ ಲೆಕ್ಕವೂ ಅದೇ ದುಂಡಗಿನ ಅಕ್ಷರದಲ್ಲೇ ಇರುತ್ತದೆ.

ಅದನ್ನು ಬರೆದವರು ಅವರ ಯಜಮಾನರು. ಅದೇ ಶಾಲೆಯ ಗಣಿತದ ಮೇಷ್ಟ್ರು. ಕೈಗೆ ಅಂಟಿದ ಸೀಮೆಸುಣ್ಣ ತೊಳೆದುಕೊಂಡು, ಒದ್ದೆ ಕೈಯನ್ನು ಕರ್ಚೀಫಿಗೆ ಒರೆಸುತ್ತ ಒಳಗೆ ಬಂದರು. ಬೆಳಗಿನಿಂದ ಅವರ ನಡಿಗೆಗೇ ಒಂದು ತಾಳ ಬಂದಿತ್ತು. ಪ್ರಾರ್ಥನೆಯ ಹೊತ್ತಿಗೆ ಹೆಡ್ ಮೇಡಂ ಎಲ್ಲರೆದುರು ಆ ಸಂಖ್ಯೆಯನ್ನು ಓದಿ ಚಪ್ಪಾಳೆ ತಟ್ಟಿಸಿದ್ದರು.

"ನೋಡಿದ್ಯಾ? ನನ್ನ ಹನ್ನೆರಡು ಜನ ಸೇರಿ ನಿನ್ನ ಸೈನ್ಯಾನ ಎತ್ತಿಬಿಟ್ರು," ಎಂದರು.

"ಎತ್ತಿದ್ದು ಸರಿ. ಇಷ್ಟೆತ್ತರಕ್ಕೆ ಹೇಗೆ ಎತ್ತಿದ್ರು ಅಂತ ನೋಡ್ತಿದೀನಿ."

ಹಿಂದಿನ ವರ್ಷ ಐದನೇ ತರಗತಿಯ ಎರಡು ವಿಭಾಗಗಳಲ್ಲೂ ಮೂವತ್ತು ಮೂವತ್ತು ಮಕ್ಕಳಿದ್ದರು. ಈ ವರ್ಷ ಒಂದು ಕೋಣೆಯ ಚಾವಣಿ ಸೋರಿ ಬೀಗ ಬಿತ್ತು. ಉಳಿದದ್ದು ಒಂದು ದೊಡ್ಡ ಕೋಣೆ, ಮತ್ತೆ ಮೆಟ್ಟಿಲ ಪಕ್ಕ ಗೂಡಿನಂಥ ಒಂದು ಪುಟ್ಟ ಕೋಣೆ. ಗೂಡಿನಲ್ಲಿ ಹನ್ನೆರಡು ಮಕ್ಕಳಿಗಷ್ಟೇ ಜಾಗ. ಮೇಷ್ಟ್ರಿಗೆ ಮೇಲಿನ ತರಗತಿಗಳ ಪಾಠವೂ ಇದ್ದುದರಿಂದ, ತಮ್ಮಷ್ಟಕ್ಕೆ ತಾವು ಓದಿಕೊಳ್ಳಬಲ್ಲ ಹನ್ನೆರಡು ಚುರುಕು ಮಕ್ಕಳನ್ನು ಅಲ್ಲಿ ಕೂರಿಸಿದರು. ಮಿಕ್ಕ ನಲವತ್ತೆಂಟು ಮಕ್ಕಳು ಟೀಚರಮ್ಮನ ಪಾಲಿಗೆ ಬಂದರು. ಅವರಿಗೆ ಜೊತೆಯಾಗಿ ಶಿಕ್ಷಣ ಕಚೇರಿಯವರು ಹುಡುಗಿಯೊಬ್ಬಳನ್ನು ಸಹಾಯಕ ಟೀಚರಾಗಿ ಕೊಟ್ಟಿದ್ದರು. ಹಿಂದಿನ ಸಾಲಿನಲ್ಲಿ ಅಕ್ಷರ ಕೂಡಿಸಲು ತಡಕಾಡುವ ಏಳೆಂಟು ಮಕ್ಕಳ ನಡುವೆ ಆ ಹುಡುಗಿ ನೆಲದ ಮೇಲೇ ಕೂತುಬಿಡುತ್ತಿದ್ದಳು. ಅವರಲ್ಲಿ 'ಪಿಸುಮಾತು' ಎಂದೇ ಎಲ್ಲರೂ ಕರೆಯುವ ಮಗುವೊಂದು ಈಚೆಗೆ ಗಟ್ಟಿಯಾಗಿ ಓದತೊಡಗಿತ್ತು.

ಆದರೆ ಕಚೇರಿಯ ನಿಯಮ ಖಚಿತವಾಗಿತ್ತು. ತರಗತಿಯ ಸರಾಸರಿ ಅರವತ್ತೈದು ಮುಟ್ಟಿದರೆ ಸಹಾಯಕರನ್ನು ಬೇರೆ ಶಾಲೆಗೆ ಕಳಿಸುತ್ತಾರೆ.

"ಹೇಗೆ ಹಾಕಿದ್ರಿ ಲೆಕ್ಕ?"

"ಹೋದ ವರ್ಷ ಹಾಕಿದ ಹಾಗೇ. ನನ್ನ ವಿಭಾಗದ ಸರಾಸರಿ ಎಂಬತ್ತೊಂದು, ನಿಂದು ಐವತ್ತಾರು. ಕೂಡಿಸಿ ಎರಡರಿಂದ ಭಾಗಿಸಿದೆ. ಹೋದ ವರ್ಷ ತಪ್ಪಿತ್ತಾ?"

"ಹೋದ ವರ್ಷ ಎರಡೂ ಕಡೆ ತಲೆ ಸಮ ಇತ್ತು, ಅದಕ್ಕೇ ಸರಿಹೋಯ್ತು. ಈಗ ಸಮ ಇದೆಯೇನ್ರೀ?"

"ಸರಾಸರಿ ಅಂದ್ರೆ ಸರಾಸರೀನೇ ಕಣೇ."

ಟೀಚರಮ್ಮ ನಕ್ಕರು. "ಒಂದು ದೊಡ್ಡ ಬಕೀಟು ತಣ್ಣೀರಿಗೆ ಒಂದೇ ಒಂದು ತಂಬಿಗೆ ಬಿಸಿನೀರು ಸುರಿದು, ಅರ್ಧಕ್ಕರ್ಧ ಬೆಚ್ಚಗಾಯ್ತು, ಸ್ನಾನಕ್ಕೆ ಬನ್ನಿ ಅಂದ್ರೆ ಬರ್ತೀರಾ?"

"ಮದುವೆಯಾದ ಹೊಸದರಲ್ಲಿ ನೀನು ಹಾಗೇ ಮಾಡಿದ್ದೆ. ನಾನು ಬಂದೆ ಕೂಡ. ಹಲ್ಲು ಕಟಕಟ ಅಂತಿದ್ರೂ ಒಂದು ಮಾತಾಡಲಿಲ್ಲ."

"ಈಗ ಆ ಸಂಕೋಚ ಬಿಟ್ಟು ಮಾತಾಡಿ. ನಿಮ್ಮದು ತಂಬಿಗೆ, ನನ್ನದು ಬಕೀಟು. ಎರಡಕ್ಕೂ ಒಂದೇ ತೂಕ ಕೊಟ್ಟಿದೀರಿ. ಅಂದ್ರೆ ನಿಮ್ಮ ಒಂದೊಂದು ಮಗೂನೂ ನನ್ನ ನಾಲ್ಕು ನಾಲ್ಕು ಮಕ್ಕಳಿಗೆ ಸಮ ಅಂದ ಹಾಗಾಯ್ತು."

ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತರು. ಒಪ್ಪಿದರೆಂದಲ್ಲ, ವಾದಕ್ಕೆ ಕೂತದ್ದು. "ಬಿಸಿನೀರು ಬಿಡು. ಅಂಕದಲ್ಲಿ ತೋರ್ಸು."

"ಸರಿ, ನೀವೇ ಹೇಳಿ. ಅರವತ್ತು ಮಕ್ಕಳಿಗೂ ತಲಾ ಅರವತ್ತೆಂಟೂವರೆ ಬಂದಿದ್ರೆ ಒಟ್ಟು ಎಷ್ಟಾಗ್ಬೇಕು?"

ಮೇಷ್ಟ್ರ ಬಾಯಲ್ಲಿ ಗುಣಾಕಾರ ಯಾವತ್ತೂ ಪದ್ಯದ ಹಾಗೆ ಬರುತ್ತಿತ್ತು. "ನಾಲ್ಕು ಸಾವಿರದ ನೂರ ಹತ್ತು."

"ನಿಮ್ಮ ಹನ್ನೆರಡು ಮಕ್ಕಳು ನಿಜವಾಗಿ ತಗೊಂಡಿದ್ದು?"

"ಹನ್ನೆರಡು ಎಂಬತ್ತೊಂದ್ಲ... ಒಂಬೈನೂರ ಎಪ್ಪತ್ತೆರಡು."

"ನನ್ನ ನಲವತ್ತೆಂಟು?"

"ಎರಡು ಸಾವಿರದ ಆರುನೂರ ಎಂಬತ್ತೆಂಟು." ಇಲ್ಲಿ ಅವರ ದನಿಯ ತಾಳ ಸ್ವಲ್ಪ ತಪ್ಪಿತು. ಮುಂದಿನದನ್ನು ಹೆಂಡತಿ ಕೇಳುವ ಮೊದಲೇ ಅವರೇ ಹೇಳಿದರು. "ಕೂಡಿದ್ರೆ ಮೂರು ಸಾವಿರದ ಆರುನೂರ ಅರವತ್ತು."

"ಹಾಗಾದ್ರೆ ಮಿಕ್ಕಿದ ನಾನೂರ ಐವತ್ತು ಅಂಕ ಯಾವ ಮಗು ಬರೀತು?"

ಮೇಷ್ಟ್ರು ಹಾಳೆಯನ್ನು ತಮ್ಮತ್ತ ತಿರುಗಿಸಿಕೊಂಡರು. ಮಕ್ಕಳ ಉತ್ತರಪತ್ರಿಕೆಗಳ ಕಟ್ಟಿನ ಮೇಲೊಮ್ಮೆ ಕಣ್ಣು ಹೋಯಿತು. ಅದರಲ್ಲಿ ಎಲ್ಲಿ ಹುಡುಕಿದರೂ ಆ ನಾನೂರ ಐವತ್ತು ಸಿಗುವಂತಿರಲಿಲ್ಲ. ಮೂರು ಸಾವಿರದ ಆರುನೂರ ಅರವತ್ತನ್ನು ಅರವತ್ತರಿಂದ ಭಾಗಿಸಲು ಅವರಿಗೆ ಕಾಗದ ಬೇಕಿರಲಿಲ್ಲ.

"ಅರವತ್ತೊಂದು," ಎಂದರು ಮೆಲ್ಲಗೆ. ಆಮೇಲೆ ತಮಗೆ ತಾವೇ ಪಾಠ ಹೇಳಿಕೊಳ್ಳುವವರಂತೆ ಮುಂದುವರಿಸಿದರು. "ಎರಡು ವಿಭಾಗಕ್ಕೂ ಇರೋ ಅಂತರ ಇಪ್ಪತ್ತೈದು. ನನ್ನ ಮಕ್ಕಳು ಐದರಲ್ಲಿ ಒಂದು ಪಾಲು. ಇಪ್ಪತ್ತೈದರಲ್ಲಿ ಐದನೇ ಒಂದು ಪಾಲು, ಐದು. ಐವತ್ತಾರರಿಂದ ಐದೇ ಮೆಟ್ಟಿಲು ಎತ್ತೋಕೆ ಅವರಿಗೆ ಶಕ್ತಿ. ನಾನು ಹನ್ನೆರಡೂವರೆ ಮೆಟ್ಟಿಲು ಹತ್ತಿಸಿಬಿಟ್ಟೆ."

"ಪಾಪ, ಮಂಡಿ ನೋಯಿಸಿಕೊಂಡಿರ್ತವೆ."

"ಆದ್ರೂ ಭಾಗಾಕಾರ ತಪ್ಪಿರಲಿಲ್ಲ, ನೋಡು."

"ಹೌದೌದು. ಜಟ್ಟಿ ಬಿದ್ರೂ ಮೀಸೆ ಮಣ್ಣಾಗಲಿಲ್ಲ."

ಮೇಷ್ಟ್ರಿಗೆ ಮೀಸೆ ಇರಲಿಲ್ಲ. ಆದರೂ ಬೆರಳು ತುಟಿಯ ಮೇಲೆ ಹೋಯಿತು. ಇಬ್ಬರೂ ನಕ್ಕರು. ನಗು ಇಳಿದ ಮೇಲೆ ಅವರು ಹೆಂಡತಿಯ ಮುಖವನ್ನು ಸರಿಯಾಗಿ ನೋಡಿದರು. ಬೆಳಗ್ಗೆ ಚಪ್ಪಾಳೆಯ ನಡುವೆ ಆಕೆ ಯಾಕೆ ಕೈ ಕಟ್ಟಿ ನಿಂತಿದ್ದಳು ಎಂಬುದು ಆಗ ಹೊಳೆಯಿತು.

"ಆ ಸಹಾಯಕ ಹುಡುಗಿ ಹೊರಟುಹೋಗ್ತಾಳೆ ಅಂತ ನಿನಗೆ ಆಗಲೇ ಗೊತ್ತಿತ್ತು. ಅಲ್ಲೇ ಹೇಳಬಾರದಿತ್ತಾ?"

"ಎಲ್ಲರೆದುರು ನಿಮ್ಮ ಲೆಕ್ಕ ತಪ್ಪು ಅನ್ಲಾ? ಅದೂ ಅಲ್ಲದೆ, ತಪ್ಪು ಇದೆ ಅಂತ ಅನ್ನಿಸಿತ್ತು, ಎಲ್ಲಿ ಅಂತ ತೋಚಿರಲಿಲ್ಲ. ನಡಿಯಿರಿ, ಮೇಡಂ ಇನ್ನೂ ಹೋಗಿಲ್ಲ."

ಹೆಡ್ ಮೇಡಂ ಮೇಜಿನ ಖಾನೆಗೆ ಬೀಗ ಹಾಕುತ್ತಿದ್ದರು. ಈ ದಂಪತಿಗಳನ್ನು ಕೆಲಸಕ್ಕೆ ಸೇರಿದ ದಿನದಿಂದ ಸ್ವಂತ ತಮ್ಮ, ತಮ್ಮನ ಹೆಂಡತಿಯ ಹಾಗೆ ನೋಡಿಕೊಂಡು ಬಂದವರು. ಮೇಷ್ಟ್ರು ಹೇಳಿದ್ದನ್ನು ಪೂರ್ತಿ ಕೇಳಿದರು. ಕೇಳುತ್ತ ಕೇಳುತ್ತ ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತು ಉಜ್ಜಿಕೊಂಡರು.

"ಅರ್ಥ ಆಯ್ತಪ್ಪಾ. ತಪ್ಪೇನೋ ನಿಜ. ಆದ್ರೆ ಅರವತ್ತೊಂದು ಅಂತ ಹಾಕಿದ್ರೆ ಪೋಷಕರು ಏನಂತಾರೆ? ಪಕ್ಕದ ಶಾಲೆಯವರು ಎಪ್ಪತ್ತು ಅಂತ ಬೋರ್ಡ್ ಹಾಕಿದಾರೆ. ಬರೋ ವರ್ಷ ಮಕ್ಕಳೇ ಸೇರದೆ ಹೋದ್ರೆ ಯಾರಿಗೆ ಪಾಠ ಹೇಳ್ತೀರಿ?"

"ಈ ವರ್ಷ ಸೇರಿರೋರಿಗೆ ಮೊದಲು ಹೇಳ್ಬೇಕಲ್ಲ ಅಕ್ಕಾ," ಎಂದರು ಟೀಚರಮ್ಮ. "ನಾನೊಬ್ಬಳೇ ನಲವತ್ತೆಂಟು ಮಕ್ಕಳ ಹತ್ರ ಹೇಗೆ ಕೂರ್ಲಿ?"

"ನನಗೆ ಗೊತ್ತಿಲ್ವೇನಮ್ಮ ನಿನ್ನ ಕಷ್ಟ? ಸಹಾಯಕರನ್ನ ಮುಂದಿನ ವರ್ಷ ಬೇರೆ ಅರ್ಜಿ ಹಾಕಿ ಕೇಳೋಣ. ಎರಡು ವಿಭಾಗದ ಸರಾಸರೀನೂ ನಿಜ. ಕೂಡಿಸಿದ್ದೂ ನಿಜ, ಅರ್ಧ ಮಾಡಿದ್ದೂ ನಿಜ. ಸುಳ್ಳು ಎಲ್ಲಿದೆ ಹೇಳಿ?" ಹಾಳೆಯನ್ನೂ ಪೆನ್ನನ್ನೂ ಮೇಷ್ಟ್ರ ಮುಂದೆ ಸರಿಸಿದರು. ದನಿ ಅಕ್ಕನ ದನಿಯಾಯಿತು. "ಗಣಿತದ ಮೇಷ್ಟ್ರ ರುಜು ಇದ್ರೆ ಕಚೇರಿಯಲ್ಲಿ ಯಾರೂ ಎರಡನೇ ಸಲ ನೋಡಲ್ಲ. ಇದೊಂದು ಸಲ ನನ್ನ ಮಾತು ಕೇಳಪ್ಪಾ."

ಮೇಷ್ಟ್ರು ಹೆಡ್ ಮೇಡಂಗೆ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಎದುರಾಡಿದವರಲ್ಲ. ಪೆನ್ನನ್ನು ಎತ್ತಿ, ಮುಚ್ಚಳ ಹಾಕಿ, ಎರಡೂ ಕೈಯಿಂದ ಅವರಿಗೇ ಹಿಂದಿರುಗಿಸಿದರು.

"ಇಲ್ಲ ಮೇಡಂ. ಇದಕ್ಕೆ ನಾನು ರುಜು ಹಾಕಲ್ಲ."