ರಸೀದಿಯ ಕೆಳಗಿದ್ದ ಹೆಸರು

ಬೇರೆಯವರು ಮಾಡಿಟ್ಟ ಕೆಲಸ ಕಂಡರೆ ತಿದ್ದದೆ ನನ್ನ ಕೈ ಸುಮ್ಮನಿರುವುದಿಲ್ಲ. ಅದಕ್ಕೇ ಇರಬೇಕು, ಸಿಂಗಪುರದ ನಮ್ಮ ಕನ್ನಡ ಸಂಘದ ವೆಬ್‌ಸೈಟು ಈ ವರ್ಷ ನನ್ನ ಕೊರಳಿಗೆ ಬಿತ್ತು. ಅದನ್ನು ಕಟ್ಟಿದವರು ಗದಗ ಕಡೆಯ ಆನಂದಕುಮಾರ ಅಂಕಲ್. ಮೂರು ವರ್ಷದ ಹಿಂದೆ ಇಲ್ಲಿನ ಉಬಿ ಬಡಾವಣೆಯ ತಮ್ಮ ಆಫೀಸಿನಲ್ಲಿ ಎದೆ ಹಿಡಿದುಕೊಂಡು ಕುಸಿದವರು ಮತ್ತೆ ಏಳಲಿಲ್ಲ. ಆಮೇಲೆ ಪ್ರತಿ ವರ್ಷ ಹಳೆಯ ರಾಜ್ಯೋತ್ಸವದ ಪುಟ ನಕಲು ಮಾಡಿ ತಾರೀಕು ಬದಲಿಸಿದ್ದು ಬಿಟ್ಟರೆ ಸೈಟನ್ನು ಯಾರೂ ಮುಟ್ಟಿರಲಿಲ್ಲ.

ನಾನು ಮುಟ್ಟಿದೆ. ಸದಸ್ಯತ್ವದ ಫಾರ್ಮ್ ಸರಿ ಮಾಡಿದೆ, ಮಸುಕಾದ ಫೋಟೋ ತೆಗೆದೆ. ಶುಲ್ಕ ಕಟ್ಟಿದವರಿಗೆ ತಾನಾಗಿಯೇ ಹೋಗುವ ಮೇಲ್ ತೆರೆದು ನೋಡಿದರೆ, ಅಯ್ಯೋ ದೇವರೇ!

'ರೊಕ್ಕ ಮುಟ್ಟಿತ್ರಿ. ಹಬ್ಬಕ್ಕ ಬರ್ರಿ. ಊಟ ಮಾಡದ ಹೋಗಬ್ಯಾಡ್ರಿ ಮತ್ತ. ನಿಮ್ಮ, ಆನಂದಕುಮಾರ.'

ಇದೂ ಒಂದು ರಸೀದಿಯೇ? ಅದೂ ತೀರಿಹೋದವರ ಹೆಸರಿನಲ್ಲಿ! ಯಾರನ್ನೂ ಕೇಳಲಿಲ್ಲ. ಕಳಿಸುವವರ ಹೆಸರಿಗೆ 'ಸದಸ್ಯತ್ವ ವಿಭಾಗ' ಎಂದು ಹಾಕಿದೆ. ಕೆಳಗೆ, 'ನಿಮ್ಮ ಪಾವತಿಯನ್ನು ಸ್ವೀಕರಿಸಲಾಗಿದೆ. ಇದು ಸ್ವಯಂಚಾಲಿತ ಸಂದೇಶ, ದಯವಿಟ್ಟು ಉತ್ತರಿಸಬೇಡಿ' ಎಂದು ಬರೆದು ಸೇವ್ ಮಾಡಿದೆ. ದೊಡ್ಡ ಘನಕಾರ್ಯ ಮಾಡಿದವಳ ಹಾಗೆ ಕಾಫಿಯನ್ನೂ ಕುಡಿದೆ.

ಈ ವರ್ಷದ ರಾಜ್ಯೋತ್ಸವದ ಪುಟ ತೆರೆದ ಭಾನುವಾರ ಸದಸ್ಯತ್ವ ನವೀಕರಣಗಳು ಬರತೊಡಗಿದವು. ಅದರಲ್ಲಿ ಒಂದೇ ಹೆಸರು ಅರ್ಧ ಗಂಟೆಯಲ್ಲಿ ಮೂರು ಸಲ. ಸುಮಂಗಲಾ, ಚೋವಾ ಚು ಕಾಂಗ್ ಬಡಾವಣೆ. ಆನಂದಕುಮಾರ ಅಂಕಲ್ ಹೆಂಡತಿ. ಬಟನ್ ಒತ್ತಿ ತಾಳ್ಮೆ ಇಲ್ಲದೆ ಮತ್ತೆ ಒತ್ತಿದ್ದಾರೆ ಎಂದು ಸಿಡುಕುತ್ತಲೇ ಫೋನ್ ಮಾಡಿದೆ.

"ಆಂಟಿ, ನಾನು ವರ್ಷಾ, ವೆಬ್‌ಸೈಟ್ ನೋಡ್ಕೊಳ್ಳೋಳು. ಮೂರು ಸಲ ಪೇ ಮಾಡಿಬಿಟ್ಟಿದೀರ. ಒಟ್ಟಿಗೆ ಮೂರು ವರ್ಷಕ್ಕೆ ರಿನ್ಯೂ ಆಗಿದೆ ನೋಡಿ!"

"ಗೊತ್ತಮ್ಮ. ಬೇಕಂತಲೇ ಮಾಡಿದೆ."

"ಯಾಕೆ ಆಂಟಿ?"



"ಮೊದಲನೇ ಸಲ ಬೇರೆ ಯಾರದೋ ಮೇಲ್ ಬಂತು. ಏನೋ ತಪ್ಪಾಗಿರಬೇಕು ಅಂತ ಮತ್ತೆ ಕಟ್ಟಿದೆ. ಮತ್ತೂ ಅದೇ ಬಂತು. ಮೂರನೇದೂ ಅದೇ. ಉತ್ತರಿಸಬೇಡಿ ಅಂತ."

ಆ ಸಾಲು ಬರೆದವಳು ನಾನೇ.

"ವರ್ಷಕ್ಕೊಂದು ಸಲ ಅವರ ಹೆಸರಲ್ಲಿ ಮೇಲ್ ಬರ್ತಿತ್ತು, ವರ್ಷಾ. ಅವತ್ತಿನ ತಾರೀಕು ಹಾಕಿ. ನಾನು ತಿರುಗಿ ಬರೀತಿದ್ದೆ, ಊಟಕ್ಕೆ ಬರ್ತೀನಿ ಅಂತ. ಅದನ್ನ ಯಾರೂ ಓದಲ್ಲ, ನನಗೆ ಗೊತ್ತು. ಹುಚ್ಚಿ ಅಂದ್ಕೋಬೇಡ."

"ಈಗಲೇ ಸರಿ ಮಾಡ್ತೀನಿ ಆಂಟಿ! ಹೋದ ವರ್ಷದ್ದು ನಿಮ್ಮ ಹತ್ರ ಇದೆಯಲ್ಲ, ಫಾರ್ವರ್ಡ್ ಮಾಡಿ. ಅಕ್ಷರ ಬಿಡದೆ ಅದನ್ನೇ ಹಾಕ್ತೀನಿ."

"ಬ್ಯಾಡವಾ," ಎಂದರು. ಇಲ್ಲಿಗೆ ಬಂದ ಇಪ್ಪತ್ತು ವರ್ಷದಲ್ಲಿ ತಿದ್ದಿಕೊಂಡಿದ್ದ ಮಾತು ಊರಿನ ಕಡೆಗೆ ತಿರುಗಿತ್ತು. "ಹಳೇವು ಅದಾವ ನನ್ನ ಕಡೆ. ಇನ್ನ ಹೊಸದು ಬಂದರ, ಅದು ನೀ ಕಳಿಸಿದ್ದು."

ಫೋನ್ ಇಟ್ಟ ಮೇಲೆ ನನ್ನ ಮೇಲೆ ನನಗೇ ಅಸಹ್ಯವಾಯಿತು. ಬುದ್ಧಿವಂತೆ ನಾನು, ಎಲ್ಲ ತಿದ್ದುವವಳು! ಒಂದು ಮಾತು ಕೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಅಳು ಬಂತು, ಅತ್ತುಬಿಟ್ಟೆ. ಆಮೇಲೆ ನನ್ನ ಕೈಲಾಗುವುದು ಒಂದೇ ಉಳಿದಿತ್ತು. ಹೆಚ್ಚಾಗಿ ಕಟ್ಟಿದ್ದ ಎರಡು ಪಾವತಿಗಳನ್ನು ರದ್ದು ಮಾಡಿ, ಹಣ ಮರಳಿಸುವ ಬಟನ್ ಒತ್ತಿದೆ.

ಐದು ನಿಮಿಷಕ್ಕೆ ಅವರದೇ ಫೋನ್.

"ವರ್ಷಾ, ಇದನ್ನ ನೀ ಬರದೀಯೇನು? ಖರೇ ಹೇಳು."

"ಯಾವುದು ಆಂಟಿ?"

ಓದಿದರು. "'ರೊಕ್ಕ ತಿರುಗಿ ಕಳಿಸೇನ್ರಿ, ಮುಟ್ಟಲಿಕ್ಕೆ ಒಂದು ವಾರ ಹಿಡೀತದ. ಆದರ ಹಿಂಗ ಒಂದು ಮಾತೂ ಹೇಳದ ಹೊಂಟುಬಿಟ್ಟರ ಹೆಂಗ್ರಿ? ಇದ್ದವರಿಗೆ ಬ್ಯಾಸರ ಆಗೂದಿಲ್ಲೇನು? ನಿಮ್ಮ, ಆನಂದಕುಮಾರ.'"

ಸದಸ್ಯತ್ವ ಬಿಟ್ಟು ಹಣ ವಾಪಸ್ ಪಡೆಯುವವರಿಗೆ ತಾನಾಗಿಯೇ ಹೋಗಲೆಂದು ಅಂಕಲ್ ಬರೆದಿಟ್ಟಿದ್ದ ಮೇಲ್. ಇಷ್ಟು ವರ್ಷಗಳಲ್ಲಿ ಯಾರೂ ಹಣ ವಾಪಸ್ ಕೇಳಿರಲಿಲ್ಲ, ಹಾಗಾಗಿ ಅದು ಯಾರಿಗೂ ಹೋಗಿರಲಿಲ್ಲ. ಅಂಥದೊಂದು ಇದೆಯೆಂದು ನಾನೂ ನೋಡಿರಲಿಲ್ಲ.

"ನಾನಲ್ಲ ಆಂಟಿ," ಎಂದೆ. "ನನ್ನಾಣೆಗೂ ನಾನಲ್ಲ. ಅವರೇ ಬರೆದಿದ್ದು."

"ಎರಡು ಬಂದಾವ. ಎರಡರಾಗೂ ಅದನ್ನ ಕೇಳ್ಯಾರ. ಹೇಳದ ಹೋದವರು ಅವರು, ವರ್ಷಾ. ಈಗ ನನ್ನ ಕೇಳತಾರ ನೋಡು."

ಆ ಮೇಲನ್ನು ಅವರು ಮೊದಲಿನಿಂದ ಮತ್ತೊಮ್ಮೆ ಓದತೊಡಗಿದರು. ನಾನು ಫೋನ್ ಇಡಲಿಲ್ಲ.