ಎಂಟಾಣೆಯ ಸಂಜೆ

ನಾನೇ ಮಾಡಿದ ಕಾನೂನು ಅದು. ಯಾರ ಮೇಲೂ ತಪ್ಪು ಹೊರಿಸೋಕೆ ಬರುವುದಿಲ್ಲ, ಆದರೂ ಹೊಟ್ಟೆ ಉರಿಯುತ್ತದೆ.

ದುರ್ಗಿಗುಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ನಾನು ಮೂರು ಮಕ್ಕಳನ್ನು ನೋಡಿಕೊಳ್ಳುತ್ತಿದ್ದೆ. ತಿಂಗಳಿಗೆ ಹದಿನೈದು ರೂಪಾಯಿ. ಬೆಳಗ್ಗೆ ಎಂಟರಿಂದ ಸಂಜೆ ಐದೂಮುಕ್ಕಾಲು. ಮಧ್ಯಾಹ್ನ ಅನ್ನ ಸಾರು, ನಾಲ್ಕು ಗಂಟೆಗೆ ಹಾಲು, ಎರಡು ಬಿಸ್ಕತ್ತು, ಎಲ್ಲಾ ಅದರಲ್ಲೇ ಸೇರಿತ್ತು. ಇಬ್ಬರು ಮಕ್ಕಳು ಐದಕ್ಕೆಲ್ಲ ಮನೆ ಸೇರುತ್ತಿದ್ದರು. ಉಳಿಯುವವಳು ಎರಡೂವರೆ ವರ್ಷದ ಗಿರಿಜೆ. ಅವಳ ತಾಯಿ ಬಸವರಾಜೇಶ್ವರಿ ಭದ್ರಾವತಿಯ ಒಂದು ಸ್ಕೂಲಿನಲ್ಲಿ ಟೀಚರು. ಮಗಳನ್ನು ತನ್ನ ಕೈಗಲ್ಲದೆ ಬೇರೆ ಯಾರ ಕೈಗೂ ಕೊಡಕೂಡದು ಅಂತ ಮೊದಲ ದಿನವೇ ಮಾತು ತೆಗೆದುಕೊಂಡಿದ್ದಳು.

ನಮ್ಮ ಯಜಮಾನರು ಉಜ್ಜನಪ್ಪ ಅಡಿಕೆ ಮಂಡಿಯಲ್ಲಿ ಗುಮಾಸ್ತರು. ಲಕ್ವ ಹೊಡೆದು ಸರ್ಕಾರಿ ಆಸ್ಪತ್ರೆ ಸೇರಿದ್ದರು. ನೋಡಲು ಬಿಡುವುದು ನಾಲ್ಕರಿಂದ ಆರರವರೆಗೆ, ಚಿಕ್ಕ ಮಕ್ಕಳನ್ನು ಒಳಗೆ ಬಿಡರು. ಐದೂಮುಕ್ಕಾಲಿಗೆ ಗಿರಿಜೆಯನ್ನು ಕೊಟ್ಟು ಓಡಿದರೆ ನನಗೆ ಸಿಗುತ್ತಿದ್ದದ್ದು ಹತ್ತೇ ನಿಮಿಷ. ಆ ಹತ್ತು ನಿಮಿಷಕ್ಕೆ ಅವರು ಇಡೀ ದಿನ ಬಾಗಿಲು ನೋಡುತ್ತಿದ್ದರು.

ಟೀಚರಿಗೆ ಇದೆಲ್ಲ ಗೊತ್ತಿತ್ತು. ತಿಂಗಳಲ್ಲಿ ಮೂರು ನಾಲ್ಕು ಸಲ ಬಸ್ಸು ತಪ್ಪುತ್ತಿತ್ತು. ಆಗ ಪಾಪ, ಬಸ್‌ಸ್ಟ್ಯಾಂಡಿನಿಂದ ಓಡುತ್ತಲೇ ಬರುತ್ತಿದ್ದಳು. "ತಪ್ಪಾಯ್ತು ಶಂಕರಮ್ಮೋರೇ, ನಿಮ್ಮನ್ನ ತಡೆದುಬಿಟ್ಟೆ" ಅಂತ ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದಳು.

ಪಕ್ಕದ ಮನೆ ಶಾಂತಮ್ಮ ಹೇಳಿದಳು, "ಅಯ್ಯೋ ಮಾರಾಯ್ತಿ, ಕಣ್ಣೀರಿಂದ ಏನು ಬಂತು? ದಂಡ ಹಾಕು, ನೋಡು ಹೆಂಗೆ ಬರ್ತಾಳೆ."

ನನಗೂ ಸರಿ ಅನ್ನಿಸಿತು. ಐದೂಮುಕ್ಕಾಲು ದಾಟಿದರೆ ದಿನಕ್ಕೆ ಎಂಟಾಣೆ ಅಂದೆ. ಟೀಚರು ತಕ್ಷಣ ಒಪ್ಪಿದಳು.

ಮುಂದಿನ ವಾರದಿಂದ ಸೋಮವಾರದಿಂದ ಶುಕ್ರವಾರದವರೆಗೂ ತಡ! ಓಟವಿಲ್ಲ, ಕಣ್ಣೀರಿಲ್ಲ. ಆರೂಕಾಲಿಗೆ ಸೊಪ್ಪಿನ ಚೀಲ ಹಿಡಿದು ನಿಧಾನವಾಗಿ ಬಂದು ಎಂಟಾಣೆ ಕಟ್ಟೆ ಮೇಲಿಡುತ್ತಿದ್ದಳು. ಕೇಳಿದ್ದಕ್ಕೆ ನಗುತ್ತಲೇ ಹೇಳಿದಳು.

"ಕಾರ್ಖಾನೆ ಆಫೀಸರ ನಾಲ್ಕು ಮಕ್ಕಳಿಗೆ ಟ್ಯೂಷನ್ ಹಿಡಿದೀನಿ. ತಿಂಗಳಿಗೆ ಇಪ್ಪತ್ತು ಬರುತ್ತೆ. ನಿಮಗೆ ಹನ್ನೊಂದು ಹೋದ್ರೂ ಒಂಬತ್ತು ಉಳಿಯುತ್ತಲ್ಲ. ನಿಮಗೂ ಅನುಕೂಲ ಆಯ್ತು ಬಿಡಿ."

ಬೇಡ ಅಂತ ಅವತ್ತೇ ಬಾಯಿಬಿಟ್ಟು ಹೇಳಬಹುದಿತ್ತು. ಹೇಳಲಿಲ್ಲ. ಆ ಹನ್ನೊಂದು ರೂಪಾಯಿಯಲ್ಲಿ ಯಜಮಾನರಿಗೆ ಮೋಸಂಬಿ ಬರುತ್ತಿತ್ತು. ಹಣ್ಣು ಕೊಳ್ಳೋಕೆ ದುಡ್ಡಿತ್ತು, ಕೊಡೋಕೆ ಹೋಗಲು ಹೊತ್ತಿರಲಿಲ್ಲ. ಶನಿವಾರ, ಭಾನುವಾರ ಮಾತ್ರ ಹೋಗುತ್ತಿದ್ದೆ.

ಒಂದು ಭಾನುವಾರ ಅವರು ಸೊಟ್ಟ ಬಾಯಲ್ಲೇ ತೊದಲಿದರು, "ಮಧ್ಯೆ ಒಂದಿನ ಬಾರೆ. ಯಾಕೋ ಒಬ್ಬನೇ ಇರೋಕಾಗ್ತಿಲ್ಲ."

ಸೋಮವಾರ ಟೀಚರಿಗೆ ಹೇಳಿದೆ, "ಬುಧವಾರ ಒಂದಿನ ಹೊತ್ತಿಗೆ ಸರಿಯಾಗಿ ಬನ್ನಿ ಟೀಚರಮ್ಮ, ಕೈ ಮುಗೀತೀನಿ. ಯಜಮಾನರು ಕರೆದಿದ್ದಾರೆ."

"ಖಂಡಿತ ಬರ್ತೀನಿ" ಅಂದಳು.

ಬುಧವಾರ ಮೋಸಂಬಿ ಸುಲಿದು ಡಬ್ಬಿಗೆ ಹಾಕಿ, ಸೀರೆ ಬದಲಾಯಿಸಿ, ಗಿರಿಜೆಯನ್ನು ಸೊಂಟಕ್ಕೆ ಹಾಕಿಕೊಂಡು ಬಾಗಿಲಲ್ಲೇ ನಿಂತೆ. ಐದೂಮುಕ್ಕಾಲಾಯಿತು. ಶಾಂತಮ್ಮನ ಕೈಗೆ ಮಗು ಕೊಟ್ಟು ಓಡಿಬಿಡಲೇ ಅಂದುಕೊಂಡೆ. ಕೊಟ್ಟ ಮಾತು ನೆನಪಾಗಿ ನಿಂತೆ. ಆರೂ ಹೊಡೆಯಿತು. ಎಂಥಾ ದರಿದ್ರ ಮಾತು ಅದು!

ಆರೂವರೆಗೆ ಬಂದಳು. "ಪರೀಕ್ಷೆ ಹತ್ರ ಬಂತು ನೋಡಿ, ಮಕ್ಕಳು ಬಿಡ್ಲೇ ಇಲ್ಲ. ಇವತ್ತು ಒಂದು ರೂಪಾಯೇ ಇಟ್ಕೊಳ್ಳಿ" ಅಂತ ನೋಟು ಚಾಚಿದಳು.

ಮಗುವನ್ನು ಅವಳ ಕೈಗೆ ತುರುಕಿ ಓಡಿದೆ. ಆಸ್ಪತ್ರೆ ಗೇಟು ಮುಚ್ಚಿತ್ತು. "ನಾಳೆ ಬನ್ನಿ ಅಮ್ಮ" ಅಂದ ಕಾವಲಿನವನು. ಎಷ್ಟು ಅಂಗಲಾಚಿದರೂ ಬಿಡಲಿಲ್ಲ. ಬೆಳಗ್ಗೆ ಅವರು ಹೋದರೆಂದು ಸುದ್ದಿ ಬಂತು. ರಾತ್ರಿಯೆಲ್ಲ "ಬಂದ್ಲಾ? ಬಂದ್ಲಾ?" ಅಂತ ಕೇಳುತ್ತಿದ್ದರಂತೆ. ನರ್ಸಮ್ಮ ಅದನ್ನು ನನಗೆ ಹೇಳದಿದ್ದರೆ ಚೆನ್ನಾಗಿತ್ತು.

ಹನ್ನೊಂದು ದಿನ ಮಕ್ಕಳನ್ನು ನೋಡಿಕೊಳ್ಳಲಿಲ್ಲ. ಕಾರ್ಯವೆಲ್ಲ ಮುಗಿದ ಮೇಲೆ ಟೀಚರು ಗಿರಿಜೆಯನ್ನು ಕರೆತಂದು, ತಲೆ ಬಗ್ಗಿಸಿ ಪೂರ್ತಿ ಹದಿನೈದು ರೂಪಾಯಿ ಕೊಟ್ಟಳು. ಮಗು ಬಾರದ ಹನ್ನೊಂದು ದಿನದ ಐದೂವರೆ ರೂಪಾಯಿ ಎಣಿಸಿ ಅವಳ ಕೈಗೇ ವಾಪಸು ಹಾಕಿದೆ.

"ಇನ್ನು ದಂಡ ಇಲ್ಲ ಟೀಚರಮ್ಮ" ಅಂದೆ. "ಏಳಕ್ಕೆ ಬನ್ನಿ, ಎಂಟಕ್ಕೆ ಬನ್ನಿ. ನಾನು ಎಲ್ಲಿಗೂ ಹೋಗೋದಿಲ್ಲ."

ಅವಳು ಅಳುತ್ತಾ ಹೋದಳು. ಅವತ್ತೇ ಟ್ಯೂಷನ್ ಬಿಟ್ಟಳಂತೆ. ಈಗ ದಿನಾ ಬಸ್‌ಸ್ಟ್ಯಾಂಡಿನಿಂದ ಏದುಸಿರು ಬಿಡುತ್ತಾ ಓಡಿ ಬಂದು, ಐದೂವರೆಗೆಲ್ಲ ಮಗಳನ್ನು ಕರೆದುಕೊಂಡು ಹೋಗುತ್ತಾಳೆ. ಆಮೇಲೆ ನಾನು ಆರು ಹೊಡೆಯುವವರೆಗೂ ಬಾಗಿಲಲ್ಲೇ ಕೂತಿರುತ್ತೇನೆ.