ಬೆರಳು ಕಲಿತ ಪುಟ

ದೋಹಾದ ಅಲ್ ಮುಂತಜಾದಲ್ಲಿ, ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ಸುಚೇತ್ ಸಿಂಗರ ಮನೆ. ಇದ್ದದ್ದು ಎರಡೇ ಕೋಣೆ. ದೊಡ್ಡದು ಗುರುವಿಗೆ, ಸಣ್ಣದು ಅವರಿಗೂ ಮಗ ನಿಹಾಲನಿಗೂ. ಎಸಿ ಕೆಟ್ಟಾಗ ಮೊದಲು ರಿಪೇರಿಯಾಗುತ್ತಿದ್ದದ್ದು ಗುರುವಿನ ಕೋಣೆಯದು. "ಅಪ್ಪಾಜಿ, ನಮಗೂ ಜೀವ ಅದ," ಎಂದು ನಿಹಾಲ ರೇಗಿಸುತ್ತಿದ್ದ.

ಗುರುವೆಂದರೆ ಗಡ್ಡ ಬಿಟ್ಟ ಸ್ವಾಮಿಯಲ್ಲ, ಗುರು ಗ್ರಂಥ ಸಾಹಿಬ್. ಸಾವಿರದ ನಾನೂರ ಮೂವತ್ತು ಪುಟ. ಅದನ್ನು ಪುಟ ಎಂದರೆ ಸುಚೇತ್ ಸಿಂಗರಿಗೆ ಸಿಟ್ಟು. ಗುರುವಿನ ಮೈ ಅದು, 'ಅಂಗ' ಎನ್ನಬೇಕು. ಬೆಳಗಾಗುವ ಮೊದಲು ಸ್ನಾನ ಮಾಡಿ, ತಲೆಯ ಮೇಲೆ ಹೊತ್ತು ತಂದು, ಮಂಚದ ಮೇಲಿಟ್ಟು, ರೇಷ್ಮೆ ವಸ್ತ್ರ ಸರಿಸಿ ತೆರೆಯಬೇಕು. ಓದುವಾಗ ಚಾಮರ ಬೀಸಬೇಕು. ಸಂಜೆ ಮುಚ್ಚಿ ಮಲಗಿಸಬೇಕು. ಹತ್ತೊಂಬತ್ತು ವರ್ಷ, ಊರಿಗೆ ಹೋದಾಗ ಬಿಟ್ಟರೆ, ಒಂದು ದಿನವೂ ತಪ್ಪಿಸದೆ ಇಷ್ಟೂ ಮಾಡಿದ ಮನುಷ್ಯ ಇವರು. ಬೀದರಿನವರು, ಟೈಲ್ಸ್ ಕೆಲಸದ ಫೋರ್‌ಮನ್.

ಶುಕ್ರವಾರ ಜನ ಸೇರುತ್ತಿದ್ದರು, ಟ್ರೇಲರ್ ಓಡಿಸುವವರು, ಬಡಗಿಗಳು, ವೆಲ್ಡರ್‌ಗಳು. ಕೊನೆಗೆ ಹುಕುಮ್. ಕಣ್ಣು ಮುಚ್ಚಿ ಗ್ರಂಥವನ್ನು ಎಲ್ಲಾದರೊಂದು ಕಡೆ ತೆರೆಯುವುದು. ಎಡಗಡೆಯ ಪುಟದಲ್ಲಿ ಮೇಲಿರುವ ಪದವೇ, ಎಂದರೆ ಹಾಡೇ, ಅಂದಿನ ಅಪ್ಪಣೆ. ಅದು ಹಿಂದಿನ ಪುಟದಲ್ಲಿ ಶುರುವಾಗಿದ್ದರೆ ಪುಟ ಹಿಂತಿರುಗಿಸಿ ಮೊದಲಿನಿಂದ ಓದಬೇಕು. ಆರಿಸುವ ಹಾಗಿಲ್ಲ. ನಿಹಾಲನ ಹೆಸರು ಬಂದದ್ದೂ ಹಾಗೆಯೇ. ಬೀದರಿನಲ್ಲಿ ಅವನು ಹುಟ್ಟಿದಾಗ ತೆರೆದ ಹುಕುಮ್‌ನ ಮೊದಲ ಅಕ್ಷರ 'ನ'.

ಸುಚೇತ್ ಸಿಂಗರು ಮಾಡಿದ ತಪ್ಪು ಇಲ್ಲೇ ಇತ್ತು. ತುಂಬಾ ವರ್ಷಗಳ ಹಿಂದೆ, ತಮ್ಮನನ್ನು ಕಳೆದುಕೊಂಡ ಬಡಗಿಯೊಬ್ಬ ವಾರದ ನಡುವೆ ಒಬ್ಬನೇ ಬಂದು ಹುಕುಮ್ ಕೇಳಿದ. ಬಂದ ಪದ ಬಿರುಸಾಗಿತ್ತು. ಆ ಬಡಗಿ ಮುಖ ಒಣಗಿಸಿಕೊಂಡು ಎದ್ದು ಹೋದದ್ದು ಇವರಿಗೆ ಸಹಿಸಲಾಗಲಿಲ್ಲ. ಅಂದಿನಿಂದ ಸಾವಿನ ಮನೆಯವರು ಒಂಟಿಯಾಗಿ ಬಂದಾಗಲೆಲ್ಲ, ಕಣ್ಣು ಮುಚ್ಚಿದಂತೆ ಮಾಡಿ, ಸಮಾಧಾನ ಹೇಳುವ ಒಂದೇ ಪುಟಕ್ಕೆ ಬೆರಳು ಹಾಕುತ್ತಿದ್ದರು. ಕರುಣೆಯಿಂದ ಮಾಡಿದ್ದು. ಆದರೂ ಗುರುವಿನ ಬಾಯಿಗೆ ಕೈಹಾಕಿದ್ದೇ ಅದು.

ಆ ಪುಟ ಕೇಳಿದವರಲ್ಲಿ ಕೆಳಗಿನ ಮಹಡಿಯ ಕಾಂತಾಮಣಿಯೂ ಒಬ್ಬರು. ಮೈಸೂರಿನವರು, ಆಫೀಸಿನಲ್ಲಿ ಅಕೌಂಟೆಂಟ್. ಮೂರು ವರ್ಷದ ಹಿಂದೆ ಗಂಡ ವೆಂಕಟರಾಮು ಹೃದಯಾಘಾತದಿಂದ ಹೋದಾಗ ಅನ್ನ ನೀರು ಬಿಟ್ಟು ಕೂತಿದ್ದರು. ಒಂದು ದಿನ ಒಬ್ಬರೇ ಮೇಲೆ ಬಂದಾಗ ಸುಚೇತ್ ಸಿಂಗರು ಆ ಪದವನ್ನು ಓದಿ, ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದ್ದರು. ಸಾವಿರಾರು ಪದಗಳಲ್ಲಿ ನನಗೇ ಅಂತ ಇದೇ ಬಂತಲ್ಲ ಎಂದು ಆಕೆ ಅಂದೇ ಎದ್ದು ಊಟ ಮಾಡಿದರು. ಅಂದಿನಿಂದ ಪ್ರತಿ ಶುಕ್ರವಾರ ತಲೆಗೆ ಸೆರಗು ಹೊದ್ದು ಬಂದು ಹಿಂದೆ ಕೂರುತ್ತಿದ್ದರು.

ಈಗ ಸಾವು ಸುಚೇತ್ ಸಿಂಗರ ಮನೆಗೇ ಬಂದಿತ್ತು. ರಾಸ್ ಲಫಾನ್‌ನಲ್ಲಿ ಶಿಫ್ಟ್ ಮುಗಿಸಿ ಬರುತ್ತಿದ್ದ ನಿಹಾಲನ ಕಾರು ಹೆದ್ದಾರಿಯಲ್ಲಿ ಮಗುಚಿತು. ಇಪ್ಪತ್ತನಾಲ್ಕು ವರ್ಷ. ತಾಯಿ ಮೊದಲೇ ಇಲ್ಲ. ಬೀದರಿನಲ್ಲಿ ಮಗನಿಗೆ ಬೆಂಕಿಯಿಟ್ಟು, ದೋಹಾಕ್ಕೆ ಮರಳಿ, ಗ್ರಂಥವನ್ನು ಮೊದಲಿನಿಂದ ಕೊನೆಯವರೆಗೆ ದಿನವೂ ಇಷ್ಟಿಷ್ಟು ಓದಿದರು. ಓದು ಮುಗಿದ ಶುಕ್ರವಾರ ಎಲ್ಲರೂ ಸೇರಿದರು. ಟ್ರೇಲರ್ ಓಡಿಸುವ ಬಲಕಾರ್ ಸಿಂಗ್, ಹುಕುಮ್ ನಾನು ತೆಗೆಯುತ್ತೇನೆ ಎಂದ. ಇವರು ಒಪ್ಪಲಿಲ್ಲ. ತನಗೆ, ಈ ಒಬ್ಬ ಅಪ್ಪನಿಗೆ, ಗುರು ಏನು ಹೇಳುತ್ತಾನೋ ಅದನ್ನು ತನ್ನ ಕೈಯಿಂದಲೇ ತೆರೆದು ಕೇಳಬೇಕಿತ್ತು. ಬದುಕಲಿಕ್ಕೆ ಬೇರೆ ಏನೂ ಉಳಿದಿರಲಿಲ್ಲ.

ನಿಜವಾಗಿಯೇ ಕಣ್ಣು ಮುಚ್ಚಿದರು. ತೆರೆದರು. ಅದೇ ಪುಟ.

ಮುಚ್ಚಿ, ಹಣೆ ಮುಟ್ಟಿಸಿ, ಮತ್ತೆ ತೆರೆದರು. ಅದೇ ಪುಟ. ಅಂಚು ಅವರ ಹೆಬ್ಬೆರಳಿನಿಂದಲೇ ಕಪ್ಪಾಗಿತ್ತು. ದುಃಖದ ಹೊತ್ತಿನಲ್ಲಿ ಎಲ್ಲಿಗೆ ಹೋಗಬೇಕೆಂದು ಬೆರಳು ಕಲಿತುಬಿಟ್ಟಿತ್ತು. ಬೇರೆಯವರಿಗೆ ಹೇಳಿದ ಸಮಾಧಾನ ಅವರಿಗೆ ನಾಟಲಿಲ್ಲ, ಅದು ಅವರದೇ ದನಿ. ಮಗನೂ ಹೋದ, ಗುರುವೂ ಮಾತು ಬಿಟ್ಟ.

ಎದುರಿಗೆ ಜನ ಕಾಯುತ್ತಿದ್ದರು. ಪ್ರತಿ ವರ್ಷ ಈ ಜನಕ್ಕೇ ತಾವು ಹೇಳುತ್ತಿದ್ದ ಕಥೆ ಸುಚೇತ್ ಸಿಂಗರ ನೆನಪಿಗೆ ಬಂತು. ಮೊದಲ ಗುರು ನಾನಕರು ಸ್ವಂತ ಮಕ್ಕಳನ್ನು ಬಿಟ್ಟು ಶಿಷ್ಯ ಲಹಣಾನನ್ನು ಅಂಗದ ಎಂದು ಕರೆದು ಗದ್ದುಗೆ ಕೊಟ್ಟದ್ದು. ಐದನೆಯ ಗುರು ಅರ್ಜನರು ಪದಗಳನ್ನು ಕೂಡಿಸಿ ಗ್ರಂಥ ಮಾಡಿಸಿ, ಅದನ್ನು ಮಂಚದ ಮೇಲಿಟ್ಟು ತಾವು ನೆಲದ ಮೇಲೆ ಮಲಗಿದ್ದು. ಹತ್ತನೆಯವರಾದ ಗೋಬಿಂದ್ ಸಿಂಗರು ಬೀದರಿಗೆ ಅಷ್ಟೇನೂ ದೂರವಲ್ಲದ ನಾಂದೇಡಿನಲ್ಲಿ, ಸಾಯುವ ಮುಂಚೆ, ಗದ್ದುಗೆ ಕೊಡುವಾಗ ಇಡುವ ಐದು ಕಾಸು, ತೆಂಗಿನಕಾಯಿಯನ್ನು ಯಾವ ಮನುಷ್ಯನ ಮುಂದೆಯೂ ಇಡದೆ ಗ್ರಂಥದ ಮುಂದಿಟ್ಟು ತಲೆಬಾಗಿದ್ದು. ಇನ್ನು ಮುಂದೆ ಗುರು ಇದೇ, ಮನುಷ್ಯರಿಲ್ಲ. ಆ ಹೊತ್ತಿಗೆ ಅವರ ನಾಲ್ಕೂ ಗಂಡುಮಕ್ಕಳು ಸತ್ತಿದ್ದರು. ನಾಲ್ವರನ್ನು ಕಳೆದುಕೊಂಡ ಅಪ್ಪ ಸ್ವತಃ ಖಾಲಿ ಮಾಡಿಟ್ಟ ಜಾಗದಲ್ಲಿ ಸುಚೇತ್ ಸಿಂಗ್ ಇಷ್ಟು ವರ್ಷ ಸದ್ದಿಲ್ಲದೆ ಕೂತುಬಿಟ್ಟಿದ್ದರು.

ಅವರು ಗ್ರಂಥಕ್ಕೆ ವಸ್ತ್ರ ಹೊದಿಸಿ, ಎದ್ದು ಎದುರಿಗೆ ಬಂದು ಕೈಮುಗಿದು, ಎಲ್ಲವನ್ನೂ ಒಪ್ಪಿಕೊಂಡರು. ಪಂಜಾಬಿಯಲ್ಲಿ ಒಮ್ಮೆ, ಕಾಂತಾಮಣಿಗಾಗಿ ಕನ್ನಡದಲ್ಲಿ ಇನ್ನೊಮ್ಮೆ.

"ನಿಮಗ ಓದಿದ್ದು ತಾನಾಗಿ ಬಂದದ್ದಲ್ಲ ತಂಗಿ. ನಾನೇ ಹುಡುಕಿ ತೆಗದಿದ್ದೆ."

"ಅದೊಂದನ್ನೇ ನಂಬ್ಕೊಂಡು ಮೂರು ವರ್ಷ ಇದ್ದೆ ಅಣ್ಣಾ," ಎಂದರು ಕಾಂತಾಮಣಿ. "ಹೇಳದೇ ಇದ್ದಿದ್ರೆ ಆಗ್ತಿರಲಿಲ್ವಾ?" ಪ್ರಸಾದ ತೆಗೆದುಕೊಳ್ಳದೆ ಎದ್ದು ಹೋದರು.

ತಪ್ಪೊಪ್ಪಿಕೊಂಡವನಿಗೆ ಶಿಕ್ಷೆ ಹೇಳುವ ಅಧಿಕಾರ ಯಾವ ಒಬ್ಬನಿಗೂ ಇಲ್ಲ. ಅಮೃತ ದೀಕ್ಷೆ ಪಡೆದ ಐವರು ಸೇರಿ ಹೇಳಬೇಕು, ಅದೂ ಹತ್ತನೆಯ ಗುರುವಿನ ಏರ್ಪಾಡೇ. ಬಲಕಾರ್ ಸಿಂಗ್ ಮತ್ತು ಇನ್ನು ನಾಲ್ವರು ಗ್ರಂಥದ ಮುಂದೆ ನಿಂತು ತಗ್ಗಿದ ದನಿಯಲ್ಲಿ ಮಾತಾಡಿಕೊಂಡರು. ನಲವತ್ತು ದಿನ ಗ್ರಂಥದ ಹಿಂದೆ ಓದಲು ಕೂರುವಂತಿಲ್ಲ. ಬಂದವರ ಚಪ್ಪಲಿ ಒರೆಸಬೇಕು, ಎಂಜಲು ತಟ್ಟೆ ತೊಳೆಯಬೇಕು. ಹೇಳುವಾಗ ಐವರ ಕಣ್ಣೂ ಒದ್ದೆಯಾಗಿತ್ತು. ನಿಹಾಲನನ್ನು ಎತ್ತಿ ಆಡಿಸಿದವರು ಅವರು.

ಆಮೇಲೆ ಬಲಕಾರ್ ಸಿಂಗ್ ಕೂತು ಹುಕುಮ್ ತೆಗೆದ. ಸುಚೇತ್ ಸಿಂಗರು ಬಾಗಿಲ ಬಳಿ, ಎಲ್ಲರಿಗಿಂತ ಹಿಂದೆ ನೆಲದ ಮೇಲೆ ಕೂತು ಕೇಳಿದರು. ಗಂಡನಿಗಾಗಿ ಕಾಯುವ ಹೆಂಡತಿಯ ಹಾಡು. ಅದರಲ್ಲಿ ಅಪ್ಪನಿಲ್ಲ, ಮಗನಿಲ್ಲ, ಸಾವಿಲ್ಲ. ಅವರಿಗೆ ಬೇಕಾದದ್ದು ಒಂದಕ್ಷರವೂ ಇರಲಿಲ್ಲ. ಇದನ್ನು ತಾನು ಆರಿಸಿಲ್ಲ ಎಂಬುದಷ್ಟೇ ಗೊತ್ತಿತ್ತು. ಮಗನನ್ನು ಸುಟ್ಟು ಬಂದ ಮೇಲೆ ಮೊದಲ ಸಲ ಬಿಕ್ಕಿಬಿಕ್ಕಿ ಅತ್ತರು.

ಮುಂದಿನ ನಾಲ್ಕು ಶುಕ್ರವಾರ ಮೆಟ್ಟಿಲ ಬಳಿ ಕೂತು ಸೇಫ್ಟಿ ಶೂಗಳ ಸಿಮೆಂಟು ಕೆರೆದು ಒರೆಸಿದರು. ಪ್ರತಿ ಸಲ ಸಾಲಿನ ಕೊನೆಯವರೆಗೂ ನೋಡುತ್ತಿದ್ದರು. ಕಾಂತಾಮಣಿಯ ಕಂದು ಚಪ್ಪಲಿ ಇರುತ್ತಿರಲಿಲ್ಲ.

ಐದನೆಯ ಶುಕ್ರವಾರ ಆಕೆ ಮೇಲೆ ಬಂದರು. ಚಪ್ಪಲಿ ಬಿಟ್ಟರು, ಆದರೆ ಒಳಗೆ ಹೋಗಲಿಲ್ಲ. ಪಕ್ಕದ ಮೆಟ್ಟಿಲ ಮೇಲೆ ಕೂತರು.

"ಆ ಪದ ಇನ್ನೊಂದ್ಸಲ ಹೇಳಿ ಅಣ್ಣಾ. ನೀವು ಆರಿಸಿದ್ದು ಅಂತ ತಿಳ್ಕೊಂಡೇ ಕೇಳ್ತೀನಿ."

ಸುಚೇತ್ ಸಿಂಗರು ಬಾಯಿ ತೆರೆದರು. ಇಷ್ಟು ವರ್ಷ ಯಾರ್‍ಯಾರಿಗೋ ಹೇಳಿದ್ದ ಪದದ ಮೊದಲ ಸಾಲೇ ಹೊರಡಲಿಲ್ಲ. "ನನ್ನ ಕೈಲೆ ಆಗಲ್ಲ ತಂಗಿ," ಎಂದರು. "ನಿಹಾಲ ನೆನಪಾಗ್ತಾನ."

ಕಾಂತಾಮಣಿ ಸೆರಗನ್ನು ತಲೆಗೆ ಎಳೆದುಕೊಂಡರು. ಮೂರು ವರ್ಷ ಪ್ರತಿ ದಿನ ತಮಗೆ ತಾವೇ ಹೇಳಿಕೊಂಡು ಬಾಯಿಪಾಠವಾಗಿದ್ದ ಆ ಪದವನ್ನು, ಇವರು ಅಂದು ಹೇಳಿಕೊಟ್ಟ ಕನ್ನಡದಲ್ಲೇ, ಮೊದಲ ಸಾಲಿನಿಂದ ಕೊನೆಯವರೆಗೆ ನಿಧಾನವಾಗಿ ಹೇಳಿದರು. ಈ ಸಲ ಅದನ್ನು ಸುಚೇತ್ ಸಿಂಗರು ಆರಿಸಿರಲಿಲ್ಲ. ಕಂದು ಚಪ್ಪಲಿಯನ್ನು ಮಡಿಲಲ್ಲಿಟ್ಟುಕೊಂಡು, ತಲೆ ಎತ್ತದೆ, ಪೂರ್ತಿ ಕೇಳಿದರು.